ಸ್ನೇಹಲಳ ಹಿತ್ತಾಳೆ ದಿಕ್ಸೂಚಿ

ನನ್ನ ತಮ್ಮನ ಮಗಳು ಶೈಲಶ್ರೀ ಹೊಟ್ಟೆಕಿಚ್ಚಿನ ಹುಡುಗಿ. ಸುಳ್ಳು ಯಾಕೆ ಹೇಳಲಿ, ಆ ವಿಷಯದಲ್ಲಿ ನನ್ನನ್ನೇ ಹೋತಿದ್ದಾಳೆ. ತಡವಳದಿಂದ ಬಂದು ಅಕ್ಕಲಕೋಟೆಯ ನನ್ನ ಮನೆಯಲ್ಲಿದ್ದು ಹತ್ತನೆಯ ಇಯತ್ತೆ ಓದುತ್ತಿದ್ದಳು. ಅದೇ ವರ್ಗದಲ್ಲಿ ಸ್ನೇಹಲ ಇದ್ದಳು. ಸೊಲ್ಲಾಪುರದ ಜವಳಿ ವ್ಯಾಪಾರಿಯ ಮಗಳು, ಇಲ್ಲಿ ಅಜ್ಜನ ಮನೆಯಲ್ಲಿದ್ದಳು.

ಸಾಲೆಯ ವಿಜ್ಞಾನ ಪ್ರದರ್ಶನದಿಂದ ಒಬ್ಬರನ್ನೇ ಸೊಲ್ಲಾಪುರದ ಜಿಲ್ಲಾ ಪ್ರದರ್ಶನಕ್ಕೆ ಕಳಿಸುವುದಿತ್ತು. ಇಬ್ಬರೂ ಒಂದೇ ಪ್ರಯೋಗ ಹಿಡಿದಿದ್ದರು. ಹಲಗೆಯ ಉದ್ದಕ್ಕೆ ಬಿಗಿದ ತಂತಿ, ಅದರ ಕೆಳಗೆ ದಿಕ್ಸೂಚಿ, ಪಕ್ಕದಲ್ಲಿ ಬ್ಯಾಟರಿ ಮತ್ತು ಟಾರ್ಚಿನ ಬಲ್ಬು. ತಂತಿಯಲ್ಲಿ ಕರೆಂಟು ಹರಿದರೆ ಮುಳ್ಳು ಹೊರಳಬೇಕು. ಸ್ನೇಹಲಳಿಗೆ ಅಪ್ಪ ಅಂಗೈಯಗಲದ ಹಿತ್ತಾಳೆಯ ದಿಕ್ಸೂಚಿ ತಂದುಕೊಟ್ಟಿದ್ದ. ನಮ್ಮವಳದು ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಡಬ್ಬಿ.

ಪ್ರದರ್ಶನಕ್ಕೆ ಮೊದಲು ವರ್ಗದಲ್ಲಿ ಮಾಡಿ ನೋಡಿದಾಗ ಸ್ನೇಹಲಳ ಮುಳ್ಳು ಹೊರಳಿತು. ನಮ್ಮವಳ ಬಲ್ಬು ಚೆಂದಾಗಿ ಹತ್ತಿತು, ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನನ್ನ ಡಬ್ಬಿ ಭಿಕಾರ ಐತಿ, ಅದಕ್ಕ," ಅಂದಳಂತೆ ಇವಳು.

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಅಂದಳಂತೆ ಸ್ನೇಹಲ. ವರ್ಗವೆಲ್ಲ ನಕ್ಕಿತು.

ಅವತ್ತು ಮನೆಗೆ ಬಂದವಳು ಊಟ ಮಾಡಲಿಲ್ಲ. "ಅತ್ತಿ, ಅಕಿ ಕಂಪಾಸ ಒಡದ ಹೋಗಬೇಕ ನೋಡು," ಅಂದಳು. ಬೈಯಬೇಕಿತ್ತು. ನನ್ನ ಹೊಟ್ಟೆಯೂ ಉರಿಯುತ್ತಿತ್ತು, ಬೈಯಲಿಲ್ಲ.

ಮರುದಿನ ಊಟದ ಸುಟ್ಟಿಯಲ್ಲಿ, ಯಾರೂ ಇಲ್ಲದಾಗ, ಆ ಹಿತ್ತಾಳೆಯದನ್ನು ತಂದು ತನ್ನ ಹಲಗೆಯ ಮೇಲಿಟ್ಟಳಂತೆ. ಅದೂ ಅಲುಗಲಿಲ್ಲ! ತನ್ನ ಡಬ್ಬಿಯನ್ನು ಒಯ್ದು ಸ್ನೇಹಲಳ ಹಲಗೆಯ ಮೇಲಿಟ್ಟಳು. ಅದು ಹೊರಳಿತು. ಹಾಗಾದರೆ ತಪ್ಪು ದಿಕ್ಸೂಚಿಯದಲ್ಲ.

ಸಂಜೆ ಅಡಿಗೆಮನೆಯ ನೆಲದ ಮೇಲೆ ಹಲಗೆ ಇಟ್ಟು, ಬಲ್ಬು ಹತ್ತಿಸಿ, ಮೆಲ್ಲಗೆ ಹಲಗೆಯನ್ನು ತಿರುಗಿಸತೊಡಗಿದಳು. ತಂತಿ ಪೂರ್ವ-ಪಶ್ಚಿಮ ಇದ್ದಾಗ ಮುಳ್ಳು ಸುಮ್ಮನಿತ್ತು. ತಂತಿ ಉತ್ತರ-ದಕ್ಷಿಣಕ್ಕೆ, ಮುಳ್ಳಿನ ನೇರಕ್ಕೇ ಬಂದಾಗ ಮುಳ್ಳು ಓರೆಯಾಗಿ ಹೊರಳಿತು. ಬ್ಯಾಟರಿ ತಿರುವುಮುರುವು ಮಾಡಿದಳು, ಆಚೆ ಬದಿಗೆ ಹೊರಳಿತು. ತಂತಿ ಬಿಚ್ಚಿದಳು, ಹಳೇ ಜಾಗಕ್ಕೆ ಬಂತು.

"ಅತ್ತಿ, ಕೈ ಚಾಚು!" ಅಂದಳು. ನನ್ನ ಬಳೆ ಹಿಡಿದು, "ನಿನ್ನ ಕೈ ತಂತಿ. ಕರೆಂಟ ಹರದ್ರ ಅದರ ಸುತ್ತ ಕಾಂತದ ಬಲ ಈ ಬಳಿಗತೆ ಸುತ್ತತೈತಿ. ಮುಳ್ಳ ಅಂದ್ರ ಸಣ್ಣ ಕಾಂತ. ಅದು ಕೈ ಉದ್ದಕ ಇತ್ತಂದ್ರ ಬಳಿ ಅದನ್ನ ಅಡ್ಡ ತಳ್ಳತೈತಿ. ಮೊದಲೇ ಬಳಿ ದಾರ್ಯಾಗ ಮಲಗಿತ್ತಂದ್ರ ಎಲ್ಲಿಗೆ ಹೊಳ್ಳಬೇಕು?"

ಕಣ್ಣು ಹೊಳೆಯುತ್ತಿದ್ದವು. ಮರುಕ್ಷಣವೇ, "ಇದು ಅಕಿಗೆ ಗೊತ್ತಿಲ್ಲ. ನಾ ಹೇಳಂಗಿಲ್ಲ," ಅಂದಳು.

ಪ್ರದರ್ಶನದ ದಿನ ನಾನೂ ಹೋಗಿದ್ದೆ. ಪರೀಕ್ಷೆ ಮಾಡಲು ಬಂದ ಗುರುಶಾಂತ ಸರ್ ಉತ್ತರಕ್ಕೇ ಮುಖ ಮಾಡಿ ಕೂತರೆ ಶುಭವೆಂದು ಸಾಲೆಯ ಹೆಡ್‌ಬಾಯಿ ಮುಕ್ತಾಬಾಯಿ ಹಟ ಹಿಡಿದರು. ಅವರೆದುರಿಗೆ ಟೇಬಲ್ಲನ್ನು ಪೂರ್ವ-ಪಶ್ಚಿಮಕ್ಕೆ ಅಡ್ಡ ಹಾಕಿದರು. ಸ್ನೇಹಲ ಹಲಗೆಯನ್ನು ಅದರ ಉದ್ದಕ್ಕೆ ಇಟ್ಟು ಬಲ್ಬು ಹತ್ತಿಸಿದಳು. ಮುಳ್ಳು ಅಲುಗಲಿಲ್ಲ. ಬ್ಯಾಟರಿ ಬದಲಿಸಿದಳು, ತಂತಿ ಒತ್ತಿದಳು, ಕೊನೆಗೆ ಅತ್ತೇಬಿಟ್ಟಳು. ನಮ್ಮ ಹುಡುಗಿಯ ತುಟಿಯಂಚಿನಲ್ಲಿ ನಗು. ನನ್ನದೂ ಹಾಗೇ ಇತ್ತೇನೋ, ಯಾರು ನೋಡಿದರು!

ಶೈಲಶ್ರೀ ತನ್ನ ಹಲಗೆ ಇಟ್ಟಳು, ಕಾಲುಭಾಗ ತಿರುಗಿಸಿದಳು, ಬಲ್ಬು ಹತ್ತಿಸಿದಳು. ಮುಳ್ಳು ಹೊರಳಿತು, ಚಪ್ಪಾಳೆ ಬಿತ್ತು.

"ಹಲಗಿ ಯಾಕ ಹೊಳ್ಳಿಸಿದಿ?" ಗುರುಶಾಂತ ಸರ್ ಕೇಳಿದರು.

ಇವಳು ದಿಕ್ಕಿನ ಮಾತು ಹೇಳಿದಳು.

"ದಿಕ್ಕಿಂದ ಅಂತಿ. ಅಕಿ ಕಂಪಾಸೇ ಕೆಟ್ಟಿರಬೌದಲ್ಲ? ದಿಕ್ಕ ಅನ್ನೂದು ಹ್ಯಾಂಗ ಖರೆ ಮಾಡ್ತಿ?"

ಶೈಲಶ್ರೀ ಸ್ನೇಹಲಳ ಹಲಗೆಯತ್ತ ನೋಡಿದಳು. ಖರೆ ಮಾಡಬೇಕೆಂದರೆ ಅದನ್ನೇ ತಿರುಗಿಸಬೇಕು. ತಿರುಗಿಸಿದರೆ ಸ್ನೇಹಲಳ ಮುಳ್ಳೂ ಹೊರಳುತ್ತದೆ.  ನನಗಂತೂ ಬೇಡ ಅಂತ ಕೂಗಬೇಕೆನಿಸಿತು.

ಆಮೇಲೆ ಅವಳು ಸಿಟ್ಟಿನಿಂದಲೇ ಹೋಗಿ ಸ್ನೇಹಲಳ ಹಲಗೆ ತಿರುಗಿಸಿದಳು. ಹಿತ್ತಾಳೆಯ ದೊಡ್ಡ ಮುಳ್ಳು ಗಂಭೀರವಾಗಿ ಓರೆಯಾಯಿತು. ಅಷ್ಟೇ ಅಲ್ಲ, ಸ್ನೇಹಲಳ ಕೈ ಹಿಡಿದೆಳೆದು, ಅವಳ ಬಂಗಾರದ ಬಳೆಯನ್ನೇ ತೋರಿಸಿ ಎಲ್ಲವನ್ನೂ ಬಿಡಿಸಿ ಹೇಳಿದಳು.

ಸೊಲ್ಲಾಪುರಕ್ಕೆ ಶೈಲಶ್ರೀಯ ಹೆಸರು ಹೋಯಿತು.

ಮರುದಿನ ಸ್ನೇಹಲ ನಮ್ಮ ಮನೆಗೆ ಬಂದು ಹಿತ್ತಾಳೆಯ ದಿಕ್ಸೂಚಿಯನ್ನು ಮುಂದೆ ಇಟ್ಟಳು. "ಸರ್ ಹೇಳ್ಯಾರ. ದೊಡ್ಡದೈತಿ, ದೂರದಿಂದ ಕಾಣತೈತಿ, ಒಯ್ಯಿ."

"ಬ್ಯಾಡ. ನನಗ ನನ್ನ ಡಬ್ಬೀನ ಸಾಕು," ಅಂದಳು ನಮ್ಮ ಹಟಮಾರಿ.

ಸ್ನೇಹಲ ಎದ್ದು ಹೋಗಲಿಲ್ಲ. ನಮ್ಮವಳ ಕೈಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನೇ ನೋಡುತ್ತ ಕೂತಳು. ಆ ಹೊಟ್ಟೆಕಿಚ್ಚಿನ ನೋಟವನ್ನು ತಿಂಗಳಿಂದ ನನ್ನ ಮನೆಯಲ್ಲೇ ನೋಡಿದ್ದೆ.

"ಅದನ್ನ ನನಗ ಕೊಡ್ತಿ ಏನ?" ಕೇಳಿದಳು.

"ಕೊಡಂಗಿಲ್ಲ," ಅಂದಳು ಶೈಲಶ್ರೀ.