ಖಾಲಾ ಎದ್ದು ನಿಲ್ಲದ ಮಧ್ಯಾಹ್ನ

...ಇಲ್ಲ, ಆ ಉಪ್ಪಿನಕಾಯಿ ಮಾವಿನಕಾಯಿಯದೇ ಇರಬೇಕು. ನಿಂಬೆಯದಾಗಿದ್ದರೆ ಅಷ್ಟು ಎಣ್ಣೆ ಇರುತ್ತಿರಲಿಲ್ಲ. ನಿನ್ನೆ ಯಾದಗಿರಿಯ ನನ್ನ ಬಾಡಿಗೆ ಮನೆಯ ಕಿಟಕಿಯಲ್ಲಿ ಯಾರದೋ ಅಡುಗೆಮನೆಯಿಂದ ಮೆಂತ್ಯ, ಇಂಗು ಹುರಿದ ವಾಸನೆ ಬಂತು. ಅದರ ಹಿಂದೆಯೇ ಶಹಾಪುರದ ನಮ್ಮ ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾವೆಲ್ಲ ಚಿಕ್ಕಮ್ಮ ಎಂಬಂತೆ ಖಾಲಾ ಎಂದು ಕರೆಯುತ್ತಿದ್ದಾಕೆ, ನೆನಪಿಗೆ ಬಂದಳು. ಆ ದಿನದ ಬಗ್ಗೆ ನನಗೆ ನೆನಪಿರುವುದರಲ್ಲಿ ಅರ್ಧ ಅಕ್ಕ ಹೇಳಿದ್ದು. ಅಕ್ಕನಾದರೋ ಆಗ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು.

ಅವಳನ್ನು ಸಗರ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಅತ್ತೆಯೊಂದಿಗೆ ಮಾತಿಗೆ ಮಾತು ಬೆಳೆದು ತವರಿಗೆ ಬಂದವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ಗಂಡನ ಬಳಿ ಹೋಗಬೇಕೆಂದು ಅವಳಿಗೆ ಜೀವ ಎಳೆಯುತ್ತಿತ್ತು. ಆ ಮಧ್ಯಾಹ್ನ ಅತ್ತೆ, ಮಾವ ಮಾತಾಡಲು ಬರುವವರಿದ್ದರು. ಅತ್ತೆ ಸಣ್ಣದಕ್ಕೂ ಶಕುನ ನೋಡುವವರು. ಅಪ್ಪ ಕೆನೆಬಣ್ಣದ ಹೊಸ ಗಾಲೀಚ ತಂದು ಪಡಸಾಲೆಯ ತುಂಬ ಹಾಸಿ, ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಹೋಗುವಾಗ ನನ್ನತ್ತ ಬೆರಳು ತೋರಿಸಿ, "ಇದರ ಮ್ಯಾಲ ಒಂದ್ ಹನಿ ಬಿದ್ರ ನೋಡು," ಎಂದಿದ್ದರು.

ಅವ್ವ ಉಪ್ಪಿನಕಾಯಿಯ ಗಾಜಿನ ಬರಣಿಯನ್ನು ನನ್ನ ಕೈಗೆ ಕೊಟ್ಟಳು. ಅದರ ಹೊರಮೈ ಜಿಡ್ಡಾಗಿತ್ತು. ಪಡಸಾಲೆ ದಾಟುವಾಗ ಜಾರಿತು. ಗಾಲೀಚದ ನಡುವೆ ಬಿದ್ದಿದ್ದರೆ ಒಡೆಯುತ್ತಿರಲಿಲ್ಲವೇನೋ. ಗೋಡೆಯ ಕಡೆ ಗಾಲೀಚ ಮುಟ್ಟದ ನೆಲದ ಶಹಾಬಾದಿ ಕಲ್ಲಿನ ಅಂಚಿಗೆ ಬಡಿಯಿತು. ಗಾಜು, ಹೋಳು, ಅರಿಶಿಣ ತುಂಬಿದ ಎಣ್ಣೆ ಎಲ್ಲ ಗಾಲೀಚದ ಮೇಲೆ.

ಅವ್ವ ಬರುವಷ್ಟರಲ್ಲಿ ನಾನು ಬಟ್ಟೆ ಒಗೆಯುವ ಸಾಬೂನನ್ನು ನೀರಿನಲ್ಲಿ ಅದ್ದಿ ಉಜ್ಜತೊಡಗಿದ್ದೆ. ಹಳದಿ ಕಲೆ ನನ್ನ ಕೈಯಡಿಯಲ್ಲೇ ಕೆಂಪಾಯಿತು. ಉಜ್ಜಿದಷ್ಟೂ ಗಾಢವಾಯಿತು. ಕುರಿ ಕೊಯ್ದ ಜಾಗದ ಹಾಗೆ. ಅದನ್ನು ನೋಡಿ ಅವ್ವ ಕೂಗಿದಳು.

ಆ ಕೂಗಿಗೆ ಹಿತ್ತಲ ಬಾಗಿಲಿನಿಂದ ಖಾಲಾ ಬಂದಳು. "ಅರೇ, ಉಜ್ಜಬ್ಯಾಡ ಬೇಟಾ! ಸಾಬೂನ್ ತಾಗಿದ್ರ ಹಳದಿ ಕೆಂಪಾಗ್ತದ. ಕೈ ತಗಿ."

ದೊಡ್ಡ ಚೂರುಗಳನ್ನು ಆಕೆಯೇ ಆರಿಸಿದಳು. ಹೋಳು, ಮಸಾಲೆಯನ್ನು ಚಮಚದಿಂದ ಅಂಚಿನಿಂದ ನಡುವಿಗೆ ಕೆರೆದು ಎತ್ತಿದಳು, ಕಲೆ ಅಗಲವಾಗದ ಹಾಗೆ. ಎಣ್ಣೆಯ ಮೇಲೆ ಒಣ ಮೈದಾ ಸುರಿದು ಒತ್ತಿದಳು. ಹಿಟ್ಟು ಎಣ್ಣೆ ಹೀರಿ ಗಂಟಾದಾಗ ಬಳಿದು, ಮತ್ತೆ ಸುರಿದಳು. ಕೆಂಪಾದಲ್ಲಿ ನಿಂಬೆ ಹಿಂಡಿದಳು. ಕೆಂಪು ನಮ್ಮ ಕಣ್ಣೆದುರೇ ಹಳದಿಗೆ ತಿರುಗಿತು. ಒದ್ದೆ ಅರಿವೆ ಒತ್ತಿ ಒತ್ತಿ ತೆಗೆದಳು, ಒಮ್ಮೆಯೂ ಉಜ್ಜಲಿಲ್ಲ. ಕಣ್ಣಿಗೆ ಕಾಣದ ಗಾಜಿಗೆಂದು ಕಣಕದ ಮುದ್ದೆಯನ್ನು ಗಾಲೀಚದ ಮೇಲೆಲ್ಲ ಒತ್ತಿದಳು. ಮುದ್ದೆಯಲ್ಲಿ ಚುಕ್ಕಿಚುಕ್ಕಿ ಮಿನುಗಿತು.

ಹಳದಿ ಮಾತ್ರ ಉಳಿಯಿತು, ತಟ್ಟೆಯಷ್ಟಗಲ. "ಇದು ಬಿಸಿಲಿಗೇ ಹೋಗೋದು. ನಾಕೈದು ದಿನ ಬೇಕು."

"ಚಾದರ ಹಾಸಲೇನ್ರಿ ಖಾಲಾ?" ಅವ್ವ ಕೇಳಿದಳು.

"ಹೊಸಾದು ಯಾಕ್ ಮುಚ್ಚೀರಿ ಅಂತ ಎತ್ತಿ ನೋಡ್ತಾಳ ನಿನ್ನ ಬೀಗತಿ."

ಹೊರಗೆ ಅಪ್ಪನ ಕೆಮ್ಮು ಕೇಳಿತು. ಖಾಲಾ ಸೆರಗು ಸರಿಮಾಡಿಕೊಂಡು ಗೋಡೆಗೆ ಬೆನ್ನು ಕೊಟ್ಟು ಆ ಕಲೆಯ ಮೇಲೆಯೇ ಕೂತುಬಿಟ್ಟಳು.

ಅಕ್ಕನ ಅತ್ತೆ ಒಳಗೆ ಬಂದರು. ಎಲ್ಲರೂ ನಿಂತಿದ್ದೆವು, ಖಾಲಾ ಒಬ್ಬಳನ್ನು ಬಿಟ್ಟು. ಅತ್ತೆ ಅಲ್ಲೇ ನಿಂತು ಆಕೆಯನ್ನು ದಿಟ್ಟಿಸಿದರು. "ಶಹಾಪುರದಾಗ ಮಂದಿ ಬಂದ್ರ ಏಳೂ ಪದ್ಧತಿ ಇಲ್ಲೇನ್ರಿ?"

"ಮೊಣಕಾಲು ಮುಷ್ಕರ ಹೂಡ್ಯಾವ್ರಿ ಬಾಯಿ. ಎಬ್ಬಸಾಕ ನೀವೂ ಕೈ ಹಚ್ಚಬೇಕು, ಒಬ್ರ ಕೈಲಿ ಆಗೂದಿಲ್ಲ, ನನ್ನ ತೂಕ ನೋಡ್ರಿ."

ಮಾವ ನಕ್ಕರು. ಅತ್ತೆ ನಗಲಿಲ್ಲ, ಆದರೆ ಕೂತರು. ಉಪ್ಪಿನಕಾಯಿ ಘಮ ಜೋರೈತಲ್ಲ ಎಂದೂ ಅಂದರು. ಅವ್ವ ಅವರನ್ನು ಊಟಕ್ಕೆ ಒಳಗೆ ಕರೆದಳು. ಎಷ್ಟು ಹೊತ್ತು ಮಾತಾಯಿತೋ... ಒಂದು ಗಂಟೆಯೋ, ಇಡೀ ಮಧ್ಯಾಹ್ನವೋ. ಅಷ್ಟೂ ಹೊತ್ತು ಖಾಲಾ ಅಲುಗಲಿಲ್ಲ. ಊಟವನ್ನೂ ಕೂತಲ್ಲಿಗೇ ತರಿಸಿಕೊಂಡಳು. ಮಸೀದಿಯಿಂದ ಆಜಾನ್ ಕೇಳಿದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳೇ ಹೊರತು ನಮಾಜಿಗೂ ಏಳಲಿಲ್ಲ. ಮಾತು ಕುದುರಿ, ಅಕ್ಕ ಸಂಜೆಯ ಬಸ್ಸಿಗೆ ಅವರ ಜೊತೆಯೇ ಹೋದಳು.

ಅಪ್ಪ ಅವರನ್ನು ಬೀಳ್ಕೊಡಲು ಹೋದ ಮೇಲೆ ಖಾಲಾ ಗೋಡೆ ಹಿಡಿದು ಎದ್ದಳು. ನಮಗೆ ಬೆನ್ನು ತೋರಿಸದೆ ಅಡ್ಡಡ್ಡ ನಡೆದು ಹಿತ್ತಲಿಗೆ ಹೊರಟಳು. ಹೊಸ್ತಿಲು ದಾಟುವಾಗ ತಿರುಗಲೇಬೇಕಾಯಿತು. ಆಕೆಯ ಬಿಳಿ ಸೀರೆಯ ಹಿಂಭಾಗದಲ್ಲಿ ಕೆಂಪು ಗುರುತಿತ್ತು, ರೂಪಾಯಿ ನಾಣ್ಯದಷ್ಟು.

ಇತ್ತು ಎಂದು ನಾನು ಹೇಳುತ್ತೇನೆ. ಅವ್ವ ತಾನು ನೋಡಲಿಲ್ಲ ಅನ್ನುತ್ತಾಳೆ. ಆಮೇಲೆ ಕೆಲವು ದಿನ ಖಾಲಾ ಕುಂಟಿದಳು, ಆದರೆ ಅದಕ್ಕೆ ಮೊದಲೂ ಕುಂಟುತ್ತಿದ್ದಳು.

ಖಾಲಾ ತೀರಿಕೊಂಡು ಮೂರು ವರ್ಷವಾಗಿದೆ. ಸುದ್ದಿ ನನಗೆ ತಡವಾಗಿ ಮುಟ್ಟಿತು, ಮುಖ ನೋಡಲಾಗಲಿಲ್ಲ. ನಾನು ಹಾಕಿದ ಸಾಬೂನು ಗಾಲೀಚದಲ್ಲಿ ಉಳಿದು ಅರಿಶಿಣವನ್ನು ಮತ್ತೆ ಕೆಂಪಾಗಿಸಿ ಆ ಸೀರೆಗೆ ಹತ್ತಿತೋ, ಕಣಕದ ಮುದ್ದೆಗೆ ಸಿಗದ ಗಾಜಿನ ಚೂರೊಂದರ ಮೇಲೆ ಆಕೆ ಅಷ್ಟು ಹೊತ್ತು ನಗುನಗುತ್ತಾ ಕೂತಿದ್ದಳೋ, ನನಗೆ ಗೊತ್ತಿಲ್ಲ.