ಹಾಸ್ಟೆಲಿನ ವೈಫೈ ಮತ್ತು ಆಂಟಿಯ ಟಿವಿ

ರಾಮನಗರದಲ್ಲಿ ನಾನಿದ್ದ ಹೆಣ್ಣುಮಕ್ಕಳ ಹಾಸ್ಟೆಲಿನ ವೈಫೈ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನೋಡಲು ಬಲು ಸಂಭಾವಿತ. ಕೇಳಿದ ಕೂಡಲೇ ಕನೆಕ್ಟ್ ಆಗುತ್ತಿತ್ತು, ಸಿಗ್ನಲ್ ಗೆರೆಗಳೂ ಪೂರ್ತಿ ಮೂಡುತ್ತಿದ್ದವು. ಆದರೆ ಏನು ನೋಡಬೇಕೆಂದರೂ ಮೊದಲು ಹಾಸ್ಟೆಲಿನ ಲಾಗಿನ್ ಪುಟದಲ್ಲಿ ರೂಮಿನ ಪಾಸ್‌ವರ್ಡ್ ಹಾಕಬೇಕು. ಹಾಕಿದರೆ, ಮೆಟ್ಟಿಲ ಕೆಳಗಿದ್ದ ವೈಫೈ ಡಬ್ಬಿ ನಮ್ಮ ಫೋನಿನ ಗುರುತನ್ನು ಬರೆದುಕೊಂಡು ಇಂಟರ್ನೆಟ್ಟಿಗೆ ಬಿಡುತ್ತಿತ್ತು.

ಒಂದು ಸಲಕ್ಕೆ ಹತ್ತು ಜನಕ್ಕಷ್ಟೇ ಜಾಗ. ನಾವೋ ಮೂವತ್ತು ಮಂದಿ. ಕನಕಪುರದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಬೇಕಾಗುವ ಮೊದಲೇ ಲಾಗಿನ್ ಆಗಿ ಕೂರುತ್ತಿದ್ದೆವು. ಹಾಸ್ಟೆಲ್ ನಡೆಸುತ್ತಿದ್ದ ಆಂಟಿಯ ಉಪದೇಶವೂ ಅದೇ: "ಬೆಳಿಗ್ಗೇನೇ ಸೇರ್ಕೊಬುಡಿ ಕಣ್ರವ್ವ. ಆಮೇಲೆ ಜಾಗ ಇಲ್ಲ ಅಂದ್ರೆ ನಂಗೊತ್ತಿಲ್ಲ."

ಎರಡು ವರ್ಷ ಅಲೆದ ಮೇಲೆ ಮೈಸೂರಿನ ಒಂದು ಶಾಲೆ ವಿಜ್ಞಾನದ ಟೀಚರ್ ಕೆಲಸಕ್ಕೆ ನನ್ನನ್ನು ಸಂದರ್ಶನಕ್ಕೆ ಕರೆದಿತ್ತು. ವಿಡಿಯೋ ಕರೆಯಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಇದೊಂದು ತಪ್ಪಿದರೆ ಗಂಟುಮೂಟೆ ಕಟ್ಟಿ ನಮ್ಮೂರು ಕೋಡಿಹಳ್ಳಿಗೆ ಹೋಗುವುದೊಂದೇ ದಾರಿ. ಒಂಬತ್ತು ದಾಟುತ್ತಲೇ, ತಿಂಡಿಗೂ ಮುಂಚೆ, ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆದೆ. ಸುಮ್ಮನೆ ಬಿಟ್ಟರೆ ಡಬ್ಬಿ ಹೊರಗೆ ಹಾಕುತ್ತದೆಂದು ಗೊತ್ತಿತ್ತು, ಅದಕ್ಕೇ ಸದ್ದಡಗಿಸಿ ಹಾಡು ಓಡಿಸಿಟ್ಟೆ.

ಸಂದರ್ಶನ ಚೆನ್ನಾಗಿಯೇ ಶುರುವಾಯಿತು. ಹೆಡ್‌ಮೇಡಂ ಶಬ್ದದ ಪಾಠ ಹೇಗೆ ಮಾಡುತ್ತೀರಿ ಎಂದರು. ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅವರ ಮುಖ ನಿಂತುಬಿಟ್ಟಿತು. ಗೆರೆಗಳು ಪೂರ್ತಿ ಇದ್ದವು, ಚಕ್ರ ಮಾತ್ರ ಸುತ್ತುತ್ತಿತ್ತು. ಕರೆಯ ಕಿಟಕಿಯಲ್ಲಿ ಲಾಗಿನ್ ಪುಟ ಕಾಣುವುದಿಲ್ಲವಲ್ಲ, ಕಾಯುತ್ತಾ ಕೂತೆ. ಕೊನೆಗೆ ಬೇರೆ ಪುಟ ತೆರೆದಾಗ ಲಾಗಿನ್ ಬಂತು. ಪಾಸ್‌ವರ್ಡ್ ಹಾಕಿದೆ. ಜಾಗ ಭರ್ತಿಯಾಗಿದೆ ಎಂದಿತು. ಫೋನ್ ಹಿಡಿದು, ಮೊಬೈಲ್ ಸಿಗ್ನಲ್ ಸಿಗುವ ಒಂದೇ ಜಾಗವಾದ ತಾರಸಿಗೆ ಓಡಿ ಶಾಲೆಗೆ ಫೋನ್ ಮಾಡಿದೆ. ಮುಂದಿನವರನ್ನು ಕರೆದಾಯಿತು ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಳುತ್ತಲೇ ಆಂಟಿಯ ಮನೆಗಿಳಿದೆ. ಅವರು ಟಿವಿಯಲ್ಲಿ ಯೂಟ್ಯೂಬಿನ ಅಡುಗೆ ನೋಡುತ್ತಿದ್ದರು. ಹಾಡು ಓಡಿಸಿಟ್ಟಿದ್ದರೂ ಸಂದರ್ಶನದ ಮಧ್ಯೆ ನೆಟ್ ಹೋಯಿತೆಂದೆ.

"ಲಾಗಿನ್ ಆಗಿ ಮೂರು ಗಂಟೆ ಹೊತ್ತಾದ್ರೆ ಡಬ್ಬೀನೇ ಕಟ್ ಮಾಡ್ತದೆ ಕಣವ್ವ. ನೀ ಹಾಡಾಕಿದ್ರೂ ಅಷ್ಟೇಯ. ಕಾಯ್ತಿದ್ದೋರು ನಿನ್ ಜಾಗಕ್ಕೆ ಬಂದವ್ರೆ."

ಹಾಗಾದರೆ ಬೆಳಿಗ್ಗೇನೇ ಲಾಗಿನ್ ಆಗಿದ್ದೇ ನನಗೆ ಮುಳುವಾಗಿತ್ತು.

"ನಿಮ್ ಟಿವಿ ಬೆಳಿಗ್ಗೆಯಿಂದ ಓಡ್ತಾನೇ ಐತಲ್ಲ ಆಂಟಿ?"

"ಅದ್ಕೆ ಲಾಗಿನ್ನೇ ಇಲ್ಲ. ಡಬ್ಬಿಯವ್ನಿಗೆ ಹೇಳಿ ಅದ್ರ ಗುರ್ತು ಯಾವಾಗ್ಲೂ ಬುಡೋ ಹಂಗೆ ಹಾಕ್ಸಿವ್ನಿ. ನಿಂದೂ ಇವತ್ತೊಂದಿನ ಹಂಗೇ ಹಾಕ್ಸಬೋದಿತ್ತು, ಒಂದು ಫೋನ್ ಮಾಡಿದ್ರೆ ಆಗೋದು. ಮೊದ್ಲೇ ಹೇಳ್ಬಾರ್ದಾ?"

ಹಾಗೊಂದು ದಾರಿ ಇದೆಯೆಂದೇ ನಮಗೆ ಯಾರೂ ಹೇಳಿರಲಿಲ್ಲ. ಕೆಲಸ ಏನಾಯಿತೆಂದು ಅವರು ಕೇಳಲೂ ಇಲ್ಲ. ಟಿವಿಯಲ್ಲಿ ಒಬ್ಬಾಕೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ವಿಡಿಯೋ ಒಂದು ಕ್ಷಣವೂ ನಿಲ್ಲಲಿಲ್ಲ.