ಹಲ್ಲು ಸುಮ್ಮನಾದ ಮೇಲೆ

ಎರಡನೆಯ ಮಹಾಯುದ್ಧದ ವರ್ಷಗಳು. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ನಾನು ಕುಂದಾಪುರದ ಹೊಳೆಯಾಚೆ ಶಾಲೆಯೊಂದಕ್ಕೆ ಮಾಷ್ಟ್ರಾಗಿ ಬಂದಿದ್ದೆ. ಪಕ್ಕದ ಮನೆಯವನು ಹಂಚಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಬೆಂಕಿಯವನು. ನನಗಿಂತ ಹತ್ತು ವರ್ಷ ದೊಡ್ಡವನಾದ್ದರಿಂದ ಅಣ್ಣಯ್ಯ ಎನ್ನುತ್ತಿದ್ದೆ. ಭಟ್ಟಿಗೆ ಬೆಂಕಿ ಕೊಟ್ಟ ಮೇಲೆ ಹಂಚು ಬೇಯುವವರೆಗೆ ರಾತ್ರಿಯ ಬೆಂಕಿಯವನು ಬದಲಾಗಬಾರದೆಂಬುದು ಅಲ್ಲಿಯ ಪದ್ಧತಿ. ತೂತಿನಲ್ಲಿ ಇಣುಕಿ ಕೆಂಪಿನ ಬಣ್ಣ ನೋಡಿಯೇ ಸೌದೆ ಹಾಕಬೇಕು. ಆ ಕಣ್ಣು ಊರಿನಲ್ಲಿ ಅವನೊಬ್ಬನಿಗೇ ಇತ್ತು. ಅದೇ ಅವನ ಹೆಮ್ಮೆ.

ಅವನ ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿ ತಿಂಗಳಾಗಿತ್ತು. ಬಿಸಿ ಗಂಜಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಲವಂಗದೆಣ್ಣೆ, ಹೊಗೆಸೊಪ್ಪು ಎಲ್ಲ ಆಯಿತು. ಕೊನೆಗೆ ಭಟ್ಟಿಯ ಬಾಯಲ್ಲಿ ಹಂಚಿನ ಚೂರು ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ರಾತ್ರಿಯಿಡೀ ಕೆನ್ನೆಗೆ ಒತ್ತಿಕೊಳ್ಳತೊಡಗಿದ.

“ಡಾಕ್ಟ್ರ್ ಹತ್ರ ಹೋಪ ಅಣ್ಣಯ್ಯ” ಎಂದರೆ, “ಭಟ್ಟಿ ಬಿಟ್ಟ್ ಬಪ್ಪುಕೆ ಆತ್ತಾ? ನಿಮ್ಮ್ ಮಕ್ಳ್ ಒಂದ್ ದಿನ ಪಾಠ ಇಲ್ದಿರೆ ಕುಣಿತೊ. ಹಂಚ್ ಹಾಂಗಲ್ಲ ಮಾಷ್ಟ್ರೆ, ಒಡಿತ್ತ್” ಎಂದು ನಕ್ಕ.

ಒಂದು ಬೆಳಿಗ್ಗೆ ಬೇಲಿಯ ಬಳಿ ನಿಂತು ಕೂಗಿದ: “ಹ್ವಾಯ್, ಕಾಣಿ! ನೋವ್ ಪೂರಾ ಹೋಯ್ತ್. ನಿಮ್ಮ್ ಡಾಕ್ಟ್ರ್ ಬ್ಯಾಡ, ನನ್ನ್ ಹಂಚೇ ಸಾಕ್!” ನಾನೂ ಸಂತೋಷಪಟ್ಟೆ. ಓದಿದ ನಾನೂ ಅದನ್ನು ಗುಣವೆಂದೇ ನಂಬಿದೆ.

ಆರನೆಯ ದಿನ ಅವನು ಪಾಳಿ ಮುಗಿಸಿ ಬಂದಾಗ ಗದ್ದದ ಕೆಳಗೆ ಎರಡೂ ಬದಿ ಊದಿ ಹಲಗೆಯಂತೆ ಗಟ್ಟಿಯಾಗಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಜೊಲ್ಲು ನುಂಗಲಾಗದೆ ಹೊರಗೆ ಸುರಿಯುತ್ತಿತ್ತು. ಮೈ ಕೆಂಡ. ಮಾತು ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವನಂತೆ: “ಇಂದ್... ರಾತ್ರಿ... ಭಟ್ಟಿ...”

“ಭಟ್ಟಿ ಹೊತ್ತಿ ಹೋಯ್ಲಿ! ಏಳಿ!” ಎಂದು ಅವನ ಕೈ ಹಿಡಿದು ಎಳೆದೆ. ಆ ಮನೆಯಂಗಳದಲ್ಲಿ ನಾನು ದನಿ ಏರಿಸಿದ್ದು ಅದೊಂದೇ ಸಲ.

ಹೊಳೆ ದಾಟಿ ಪೇಟೆಗೆ ಹೋಗುವ ದೋಣಿಯಲ್ಲಿ ನಾನು ಮಾಡಿದ ತಪ್ಪು ಇಂದಿಗೂ ಕಣ್ಣ ಮುಂದಿದೆ. ಸುಸ್ತಾಗಿದ್ದಾನೆಂದು ನನ್ನ ಶಾಲು ಹಾಸಿ ಅಂಗಾತ ಮಲಗಿಸಿದೆ. ಹೊಳೆಯ ನಡುವೆ ಅವನ ಗಂಟಲಿನಿಂದ ಗೊರಗೊರ ಸದ್ದು, ಆಮೇಲೆ ಸದ್ದೇ ಇಲ್ಲ. ಕಣ್ಣು ದೊಡ್ಡದಾಯಿತು, ತುಟಿ ನೀಲಿಯಾಯಿತು. ದೋಣಿಯವನು ಹುಟ್ಟು ಬಿಟ್ಟು, “ಕೂರ್ಸಿ ಮಾರಾಯ್ರೆ, ಕೂರ್ಸಿ!” ಎಂದು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ತಲೆ ಮುಂದೆ ಬಾಗಿದ ಕೂಡಲೇ ಉಸಿರು ಸೀಟಿಯಂತೆ ಒಳಗೆ ಹೋಯಿತು. ಉಳಿದ ದಾರಿಯುದ್ದಕ್ಕೂ ನಾನು ಅವನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ಅವನ ಒಂದೊಂದು ಉಸಿರನ್ನೂ ನನ್ನ ಬೆನ್ನಿನಿಂದ ಎಣಿಸಿದೆ.

ಪೇಟೆಯ ಡಾಕ್ಟರು ಗದ್ದದ ಕೆಳಗೆ ಒತ್ತಿ, ಚಮಚದ ಹಿಡಿಯಿಂದ ತುಟಿ ಸರಿಸಿ ನೋಡಿದರು. ನಾಲಗೆ ಮೇಲೆದ್ದು ಅಂಗುಳಿಗೆ ಅಂಟಿತ್ತು.

“ನೋವು ನಿಂತದ್ದು ಯಾವಾಗ?”

“ಆರು ದಿನವಾಯಿತು.”

“ಅವತ್ತೇ ಹಲ್ಲಿನೊಳಗಿನ ನರ ಸತ್ತಿದೆ. ಕೀವು ಬೇರಿನ ತುದಿಯಿಂದ ಇಳಿದು ನಾಲಗೆಯ ಬುಡಕ್ಕೆ ಹಬ್ಬಿದೆ. ಮಲಗಿಸಿದರೆ ನಾಲಗೆ ಹಿಂದೆ ಬಿದ್ದು ಉಸಿರು ಕಟ್ಟುತ್ತದೆ.” ನಾನು ತಲೆ ತಗ್ಗಿಸಿದೆ.

ಕುರ್ಚಿಯಲ್ಲಿ ಕೂರಿಸಿಯೇ ಕೆಲಸ ನಡೆಯಿತು. ಉಸಿರು ಪೂರಾ ನಿಂತರೆ ತೂತು ಮಾಡಲೆಂದು ಮೊದಲೇ ಗಂಟಲ ಮುಂದೆ ಅಯೋಡಿನ್ ಚುಕ್ಕೆಯಿಟ್ಟರು. ಆಮೇಲೆ ಚರ್ಮಕ್ಕೆ ಮರಗಟ್ಟಿಸುವ ಸೂಜಿ ಕೊಟ್ಟು, ದವಡೆಯ ಎಲುಬಿನಿಂದ ಎರಡು ಬೆರಳು ಕೆಳಗೆ ಕೊಯ್ದು, ಮುಚ್ಚಿದ ಇಕ್ಕಳವನ್ನು ಆಳಕ್ಕೆ ತೂರಿಸಿ ಒಳಗೆ ಅಗಲಿಸಿದರು. ಕೊಳೆತ ನಾತದ ಕೀವು ತಟ್ಟೆಗೆ ಸುರಿಯಿತು. ಗಾಯ ಮುಚ್ಚದಂತೆ ರಬ್ಬರಿನ ಪಟ್ಟಿಯೊಂದನ್ನು ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಸೀಟಿ ಸದ್ದು ಇಳಿಯಿತು. ಸಲ್ಫಾ ಮಾತ್ರೆ ಅರೆದು ನೀರಿನಲ್ಲಿ ಕುಡಿಸಿದಾಗ ಅವನು ನುಂಗಿದ. ಆ ಗುಟುಕಿನ ಸದ್ದಿನಷ್ಟು ಹಿತವಾದದ್ದನ್ನು ನಾನು ಇನ್ನೊಂದು ಕೇಳಿಲ್ಲ.

ಬಾಯಿ ಎರಡು ಬೆರಳು ತೆರೆಯಲು ಐದು ದಿನ ಬೇಕಾಯಿತು. ಆಗ ದವಡೆಯನ್ನು ಮರಗಟ್ಟಿಸಿ, ಹಲ್ಲನ್ನು ಇಕ್ಕಳದಲ್ಲಿ ಆಚೆ ಈಚೆ ಅಲುಗಿಸಿ ಕಿತ್ತರು. ಅರಳೆ ಕಚ್ಚಿಕೊಂಡೇ ಅವನು ಕೇಳಿದ: “ಹಂಚ್ ಎಂತ ಆಯ್ತ್?”

ಕಾರ್ಖಾನೆಯವರು ಬೇರೆಯವನಿಂದ ಬೇಯಿಸಿದ್ದರು. ಹಂಚು ಚೆನ್ನಾಗಿಯೇ ಬಂದಿತ್ತು. ಅದನ್ನು ಕೇಳಿ ಅವನಿಗೆ ತುಸು ಬೇಸರವಾಯಿತೆಂದು ನನಗನ್ನಿಸಿತು. ಮರುತಿಂಗಳು ಅವನೇ ಆ ಹೊಸಬನಿಗೆ ಬಣ್ಣ ನೋಡುವುದನ್ನು ಕಲಿಸತೊಡಗಿದ. “ಇಬ್ರ್ ಇದ್ರ್ ಅಂದ್ರೆ ಒಬ್ಬ ಹಲ್ ಕೀಳ್ಸುಕ್ ಹೋಯ್ಲಕ್ಕ್” ಎಂದ.

ಈಗಲೂ ಭಾನುವಾರ ಬೆಳಿಗ್ಗೆ ಅವನು ಪಾಳಿ ಮುಗಿಸಿ ಜಗಲಿಯಲ್ಲಿ ಅಂಗಾತ ಮಲಗಿದ್ದರೆ ನನ್ನ ಕಾಲು ತಾನಾಗಿ ಬೇಲಿಯತ್ತ ಹೋಗುತ್ತದೆ. ಎದೆ ಏರಿಳಿಯುವುದನ್ನು ನೋಡುತ್ತ ನಿಲ್ಲುತ್ತೇನೆ. ಅವನು ಕಣ್ಣು ತೆರೆಯದೆಯೇ ಹೇಳುತ್ತಾನೆ:

“ಉಸ್ರ್ ಆಡ್ತಾ ಇತ್ತ್ ಮಾಷ್ಟ್ರೆ. ಎಣ್ಸಿ ಆಯ್ತಲ್ದಾ? ಹೋಯಿ, ಗಂಜಿ ಉಣ್ಣಿ.”